ಎರಡು ಮನೆ, ಒಂದು ಪಾಟಿಚೀಲ

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ನಿಮಗೆಲ್ಲ ಗೊತ್ತು. ಆ ಕೂಸು ಎಲ್ಲಿ ನಿಂತು ಬಡವಾಯಿತು ಎಂಬುದನ್ನು ಗಾದೆ ಹೇಳುವುದಿಲ್ಲ. ಕುಟುಂಬ ಸಮಾಲೋಚಕಿಯಾಗಿ ನಾನು ಕಂಡ ಮಟ್ಟಿಗೆ ಅದು ಬಾಗಿಲಲ್ಲಿ ನಿಂತಿರುತ್ತದೆ. ವಿಚ್ಛೇದನದ ತೀರ್ಪು ಬಂದು, ಎರಡು ಮನೆಗಳಾಗಿ, ಮಗು ಯಾವ ದಿನ ಎಲ್ಲಿರಬೇಕು ಎಂದು ಬರೆದುಕೊಂಡ ಮೇಲೂ ಒಂದು ಜಾಗ ಮಾತ್ರ ಯಾರಿಗೂ ಸೇರದೆ ಉಳಿಯುತ್ತದೆ. ಅದೇ ಹೊಸ್ತಿಲು. ಒಬ್ಬರು ಒಳಗೆ, ಒಬ್ಬರು ಹೊರಗೆ, ನಡುವೆ ಚೀಲ ಹಿಡಿದ ಮಗು. ವಾರದ ಲೆಕ್ಕವೆಲ್ಲ ಆ ಐದು ನಿಮಿಷದಲ್ಲಿ ಚುಕ್ತಾ ಆಗಬೇಕು: ಶುಲ್ಕ ಕಟ್ಟಿದ್ದೀರಾ, ಕಳೆದ ಸಲ ತಡವಾಗಿ ಬಂದಿರಲ್ಲ, ಇವಳ ಸ್ವೆಟರ್ ಎಲ್ಲಿ.

ಇದಕ್ಕೆ ನಮ್ಮ ವೃತ್ತಿಯಲ್ಲಿ ‘ಹಸ್ತಾಂತರ’ ಎಂಬ ಪದವಿದೆ. ನನಗೆ ಆ ಪದದ ಮೇಲೆ ಸ್ವಲ್ಪ ಸಿಟ್ಟು. ಕಡತವನ್ನೋ ಅಧಿಕಾರವನ್ನೋ ಹಸ್ತಾಂತರಿಸಬಹುದು, ಮಗುವನ್ನಲ್ಲ. ನಾನು ‘ಮನೆ ಬದಲು’ ಎನ್ನುತ್ತೇನೆ. ಮಗುವಿನ ಕಡೆಯಿಂದ ನೋಡಿದರೆ ಆಗುವುದು ಅಷ್ಟೇ ತಾನೆ.

ನಿಮ್ಮ ಮುಂದೆ ಒಂದು ಕುಟುಂಬದ ಕಥೆ ಇಡುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ತಂದೆ, ತಾಯಿ, ಎಂಟು ವರ್ಷದ ಮಗಳು. ಇಬ್ಬರೂ ಕೆಲಸಕ್ಕೆ ಹೋಗುವವರು, ಎರಡು ಮನೆಗಳ ನಡುವೆ ಇಪ್ಪತ್ತು ನಿಮಿಷದ ದಾರಿ. ಮಗಳು ಇಬ್ಬರ ಬಳಿಯೂ ಸಮನಾಗಿ ಇರಬೇಕು ಎಂದು ಒಪ್ಪಿಕೊಂಡಿದ್ದರು. ಅದಕ್ಕೆ 2-2-3 ಎಂಬ ಕ್ರಮ ಹಿಡಿದರು. ಸೋಮವಾರ, ಮಂಗಳವಾರ ತಾಯಿಯ ಮನೆ. ಬುಧ, ಗುರು ತಂದೆಯ ಮನೆ. ಶುಕ್ರದಿಂದ ಭಾನುವಾರದವರೆಗೆ ಮತ್ತೆ ತಾಯಿ. ಮುಂದಿನ ವಾರ ಇದೇ ತಲೆಕೆಳಗು. ಹದಿನಾಲ್ಕು ರಾತ್ರಿಗಳಲ್ಲಿ ತಲಾ ಏಳು. ನ್ಯಾಯವಾಗಿಯೇ ಇದೆ. ಆದರೆ ಬೆರಳು ಮಡಚಿ ಎಣಿಸಿ ನೋಡಿ, ಹದಿನಾಲ್ಕು ದಿನದಲ್ಲಿ ಆರು ಸಲ ಮನೆ ಬದಲು. ಅವರು ಅದಕ್ಕೆ ಇಟ್ಟುಕೊಂಡ ಹೊತ್ತು ಸಂಜೆ ಏಳು ಗಂಟೆ, ಜಾಗ ಮನೆಯ ಬಾಗಿಲು. ಇಬ್ಬರೂ ದಣಿದಿರುವ ಹೊತ್ತು. ಮಗುವಿಗೆ ಹಸಿವೆ, ಮುಗಿಯದ ಮನೆಪಾಠ.

ಮೂರು ತಿಂಗಳಾಗುವಷ್ಟರಲ್ಲಿ ಆ ಹುಡುಗಿಗೆ ಹೊಟ್ಟೆನೋವು ಶುರುವಾಯಿತು. ವೈದ್ಯರು ನೋಡಿ ಏನೂ ಇಲ್ಲ ಎಂದರು. ತಾಯಿ ಹೇಳಿದರು, ಅಪ್ಪನ ಮನೆಗೆ ಹೋಗುವ ದಿನ ಹೊಟ್ಟೆನೋವು ಬರುತ್ತದೆ, ಅಲ್ಲಿ ಏನೋ ಸರಿಯಿಲ್ಲ. ತಂದೆ ಹೇಳಿದರು, ಅಮ್ಮನ ಮನೆಗೆ ಹೋಗುವ ದಿನ ಬರುತ್ತದೆ, ಅಲ್ಲೇ ಏನೋ ಸರಿಯಿಲ್ಲ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಮೂರು ವಾರ ಇಬ್ಬರೂ ಬೇರೆಬೇರೆಯಾಗಿ ದಿನಾಂಕ ಬರೆದಿಡಲಿ ಎಂದೆ. ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟಾಗ ಕಂಡದ್ದು ಇಷ್ಟು: ನೋವು ಬರುತ್ತಿದ್ದುದು ಮನೆ ಬದಲಿನ ದಿನ, ಸಂಜೆ ಐದರ ಮೇಲೆ. ಯಾವ ಮನೆಯಿಂದ ಯಾವ ಮನೆಗೆ ಎಂಬುದು ಲೆಕ್ಕಕ್ಕಿಲ್ಲ. ಅವಳಿಗೆ ನೋಯುತ್ತಿದ್ದುದು ಬಾಗಿಲು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಈ ತಪ್ಪು ಓದುವಿಕೆಯೇ ಬಹಳ ಮನೆಗಳನ್ನು ಮತ್ತೆ ನ್ಯಾಯಾಲಯಕ್ಕೆ ಎಳೆಯುತ್ತದೆ. ಮಗು ಆ ಮನೆಯಿಂದ ಬಂದ ಮೊದಲ ಎರಡು ಮೂರು ಗಂಟೆ ಮುಖ ಊದಿಸಿಕೊಂಡಿರುತ್ತದೆ, ಸಣ್ಣದಕ್ಕೆ ಅಳುತ್ತದೆ, ಇಲ್ಲವೇ ಕುಣಿದು ಕುಪ್ಪಳಿಸಿ ಸಾಕುಸಾಕು ಮಾಡುತ್ತದೆ. ನಾವು ಊರಿನಿಂದ ಊರಿಗೆ ಪ್ರಯಾಣ ಮಾಡಿ ಬಂದರೆ ಒಂದು ಗಳಿಗೆ ಮಾತು ಬೇಡವೆನಿಸುವುದಿಲ್ಲವೇ? ಅದೂ ಹಾಗೆಯೇ. ಮಲಗಿ ಎದ್ದ ಮೇಲೆ ಸರಿಹೋಗಿದ್ದರೆ, ಶಾಲೆಯಲ್ಲಿ ಎಂದಿನಂತೆ ಇದ್ದರೆ, ಅದು ಮನೆ ಬದಲಿನ ದಣಿವು. ಆ ಹೊತ್ತಿನಲ್ಲಿ ‘ಅಲ್ಲಿ ಏನಾಯಿತು?’ ಎಂದು ಕೇಳುವುದು ತೀರಾ ಕೆಟ್ಟ ಪ್ರಶ್ನೆ. ಆದರೆ ವಾರಗಟ್ಟಲೆ ನಿದ್ದೆ ಕೆಟ್ಟರೆ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಿದರೆ, ಒಬ್ಬ ನಿರ್ದಿಷ್ಟ ವ್ಯಕ್ತಿಯ ಹೆಸರಿಗೆ ಬೆಚ್ಚಿದರೆ ಅದನ್ನು ದಣಿವೆಂದು ತಳ್ಳಿಹಾಕಬೇಡಿ. ಅಲ್ಲಿ ಮಕ್ಕಳ ವೈದ್ಯರೋ ಮನೋವೈದ್ಯರೋ ಬೇಕು.

ಆ ಕುಟುಂಬ ಎರಡು ಬದಲಾವಣೆ ಮಾಡಿತು. ಮೊದಲನೆಯದು ದಿನಗಳ ಕ್ರಮ. 2-2-3 ಬಿಟ್ಟು 2-2-5-5ಕ್ಕೆ ಬಂದರು. ಕೇಳಲು ಗುಣಾಕಾರದ ಹಾಗಿದ್ದರೂ ಇದು ಹಿಂದಿನದಕ್ಕಿಂತ ಸುಲಭ. ಸೋಮವಾರ, ಮಂಗಳವಾರ ಯಾವಾಗಲೂ ತಾಯಿಯ ಮನೆ. ಬುಧವಾರ, ಗುರುವಾರ ಯಾವಾಗಲೂ ತಂದೆಯ ಮನೆ. ಶುಕ್ರ, ಶನಿ, ಭಾನುವಾರ ಮಾತ್ರ ಒಂದು ವಾರ ಇವರಿಗೆ, ಒಂದು ವಾರ ಅವರಿಗೆ. ಮಗು ಒಬ್ಬರಿಂದ ದೂರವಿರುವ ಅತಿ ದೀರ್ಘ ಅವಧಿ ಮೂರು ದಿನದಿಂದ ಐದಕ್ಕೆ ಏರುತ್ತದೆ, ಅದು ಇದರ ಬೆಲೆ. ಲಾಭವೆಂದರೆ ಮನೆ ಬದಲು ಆರರಿಂದ ನಾಲ್ಕಕ್ಕೆ ಇಳಿಯುತ್ತದೆ. ಇನ್ನೊಂದು ಲಾಭ ನನಗೆ ಮೊದಲು ಹೊಳೆದಿರಲಿಲ್ಲ, ಆ ಹುಡುಗಿಯೇ ಹೇಳಿದಳು: ‘ಈಗ ಬುಧವಾರ ಅಂದರೆ ಅಪ್ಪ ಅಂತ ಗೊತ್ತು. ಮೊದಲು ಯಾವ ವಾರ ಎಂದು ಕೇಳಬೇಕಿತ್ತು.’ ಇನ್ನೂ ಮೂರು ತುಂಬದ ಮಗುವಿಗೆ ಐದು ದಿನ ಬಹಳ ದೀರ್ಘವೆನಿಸಬಹುದು, ಹದಿಹರೆಯದವರು ಒಂದೊಂದು ವಾರದ ಸರದಿಯನ್ನೇ ಇಷ್ಟಪಡಬಹುದು. ಎಂಟು ವರ್ಷಕ್ಕೆ ಇದು ಹೊಂದಿತು, ಅಷ್ಟೆ.

ಎರಡನೆಯ ಬದಲಾವಣೆಯೇ ಇಂದಿನ ಮಾತಿನ ಹುರುಳು. ಮನೆ ಬದಲನ್ನು ಬಾಗಿಲಿನಿಂದ ಎತ್ತಿ ಶಾಲೆಗೆ ಹಾಕಿದರು. ಕ್ರಮವನ್ನು ಇನ್ನೊಮ್ಮೆ ನೋಡಿ. ಆ ನಾಲ್ಕು ಮನೆ ಬದಲುಗಳೂ ಬುಧವಾರ, ಶುಕ್ರವಾರ, ಸೋಮವಾರಗಳಲ್ಲೇ ಬೀಳುತ್ತವೆ. ಎಲ್ಲವೂ ಶಾಲೆಯ ದಿನಗಳು. ಬುಧವಾರ ಬೆಳಿಗ್ಗೆ ತಾಯಿ ಶಾಲೆಗೆ ಬಿಡುತ್ತಾರೆ, ಮಧ್ಯಾಹ್ನ ತಂದೆ ಕರೆದೊಯ್ಯುತ್ತಾರೆ. ನಡುವೆ ಆರು ಗಂಟೆ ಪಾಠ, ಆಟ, ಗೆಳತಿಯರು. ಮಗು ಅಮ್ಮನನ್ನು ಬಿಟ್ಟು ಅಪ್ಪನ ಬಳಿಗೆ ಹೋಗಬೇಕಾಗಿಲ್ಲ. ಅಮ್ಮನನ್ನು ಬಿಟ್ಟು ಶಾಲೆಗೆ ಹೋಗುತ್ತದೆ, ಶಾಲೆ ಬಿಟ್ಟು ಅಪ್ಪನ ಬಳಿಗೆ ಹೋಗುತ್ತದೆ. ಎರಡನ್ನೂ ಎಲ್ಲ ಮಕ್ಕಳೂ ದಿನಾ ಮಾಡುತ್ತಾರೆ. ಹಿರಿಯರಿಬ್ಬರೂ ಎದುರಾಗುವುದೇ ಇಲ್ಲ.

ಇದು ನಡೆಯಬೇಕಾದರೆ ಶಾಲೆಯಲ್ಲಿ ಮೊದಲೇ ಕೆಲವು ಕೆಲಸ ಮುಗಿಸಿಕೊಳ್ಳಬೇಕು. ಮಗುವನ್ನು ಕರೆದೊಯ್ಯಲು ಅನುಮತಿ ಇರುವವರ ಪಟ್ಟಿಯಲ್ಲಿ ಇಬ್ಬರ ಹೆಸರೂ ಇರಬೇಕು. ತುರ್ತು ಕರೆಗೆ ಎರಡೂ ಮೊಬೈಲ್ ಸಂಖ್ಯೆ, ಸುತ್ತೋಲೆಗಳಿಗೆ ಎರಡೂ ಇಮೇಲ್ ಬೇಕು. ತರಗತಿಯ ಶಿಕ್ಷಕರ ಕೈಯಲ್ಲಿ ಯಾವ ದಿನ ಯಾರು ಎಂಬ ಒಂದು ಪುಟ. ಅದಕ್ಕಿಂತ ಹೆಚ್ಚು ಏನನ್ನೂ ಹೇಳಬೇಡಿ. ಶಿಕ್ಷಕರು ಇಲ್ಲೂ ಕುಳಿತಿದ್ದೀರಿ, ನಿಮಗೆ ಗೊತ್ತು, ತಾಯ್ತಂದೆಯರಿಬ್ಬರೂ ತಮ್ಮ ಕಥೆಯನ್ನು ಬೇರೆಬೇರೆಯಾಗಿ ಹೇಳಿ ಹೋದರೆ ನೀವು ಮಾಡಬಹುದಾದದ್ದು ಏನೂ ಇಲ್ಲ. ನಿಮಗೆ ಬೇಕಾದದ್ದು ಪಟ್ಟಿ ಮಾತ್ರ.

ಆಮೇಲೆ ಒಂದು ಸಣ್ಣ ಪ್ರಶ್ನೆ ಬರುತ್ತದೆ. ಅದನ್ನು ಮೊದಲೇ ಬರೆದಿಡದಿದ್ದರೆ ದೊಡ್ಡದಾಗುತ್ತದೆ. ಬುಧವಾರ ಹನ್ನೊಂದು ಗಂಟೆಗೆ ಜ್ವರವೆಂದು ಶಾಲೆಯಿಂದ ಕರೆ ಬಂದರೆ ಯಾರು ಹೋಗಬೇಕು? ಬೆಳಿಗ್ಗೆ ಬಿಟ್ಟವರೋ, ಮಧ್ಯಾಹ್ನ ಬರಬೇಕಾದವರೋ? ಈ ಕುಟುಂಬ ಬರೆದುಕೊಂಡದ್ದು ಹೀಗೆ: ಬೆಳಗಿನ ಗಂಟೆ ಬಾರಿಸಿತು ಎಂದರೆ ಆ ದಿನ ಮಧ್ಯಾಹ್ನದವರದು. ಇನ್ನೊಂದು ಮನೆ ಬೇರೆ ರೀತಿ ಬರೆದುಕೊಳ್ಳಲಿ, ಬಾಧಕವಿಲ್ಲ. ಬರೆದಿರಬೇಕು. ಶಾಲೆಗೆ ರಜೆಯಿರುವ ದಿನ ಮನೆ ಬದಲು ಬಂದರೆ ಏನು? ಆಗ ಬಾಗಿಲು ತಪ್ಪಿದ್ದಲ್ಲ. ಅಂಥ ದಿನ ಮಗು ಯಾರ ಬಳಿ ಇದೆಯೋ ಅವರೇ ಹೋಗಿ ಬಿಟ್ಟು ಬರಲಿ ಎಂದು ನಾನು ಹೇಳುತ್ತೇನೆ. ಕರೆದೊಯ್ಯಲು ಬಂದವರು ಕಿತ್ತುಕೊಂಡು ಹೋದಂತೆ ಕಾಣುತ್ತದೆ. ಆಟ ಅರ್ಧಕ್ಕೆ ನಿಲ್ಲುತ್ತದೆ, ಚಪ್ಪಲಿ ಸಿಗುವುದಿಲ್ಲ, ಹೊರಗೆ ಕಾದವರ ಸಹನೆ ಕೆಡುತ್ತದೆ. ತಾವೇ ಕರೆತಂದು ಬಿಟ್ಟರೆ ಮಗುವಿಗೆ ಬೇರೆಯೇ ಅರ್ಥವಾಗುತ್ತದೆ: ಅಮ್ಮನೇ ನನ್ನನ್ನು ಇಲ್ಲಿಗೆ ಕಳಿಸಿದಳು, ನಾನು ಇಲ್ಲಿ ಖುಷಿಯಾಗಿದ್ದರೆ ಅವಳಿಗೆ ಬೇಸರವಿಲ್ಲ. ಬಿಟ್ಟ ಮೇಲೆ ನಿಲ್ಲಬಾರದು. ಅಪ್ಪಿಕೊಂಡು, ಮತ್ತೆ ಯಾವ ದಿನ ಸಿಗುವುದೆಂದು ಹೇಳಿ, ಹೊರಟುಬಿಡಿ. ಎರಡು ನಿಮಿಷ ಸಾಕು.

ಇನ್ನು ಚೀಲದ ಕಥೆ. ಶಾಲೆಯ ಮೂಲಕ ಮನೆ ಬದಲಾದ ಮೊದಲ ವಾರ ಆ ಹುಡುಗಿ ಬಟ್ಟೆ ತುಂಬಿದ ಸೂಟ್‌ಕೇಸ್ ಎಳೆದುಕೊಂಡು ತರಗತಿಗೆ ಹೋದಳು. ‘ಎಲ್ಲಿಗೆ ಪ್ರವಾಸ?’ ಎಂದು ಮಕ್ಕಳು ಕೇಳಿದರು. ಮರುದಿನ ಅವಳು ಶಾಲೆಗೇ ಹೋಗೆನೆಂದಳು. ಇದು ಈ ವಿಧಾನದ ದೊಡ್ಡ ಕೊರತೆ, ಸಲಹೆ ಕೊಟ್ಟ ನಾನೂ ಅದನ್ನು ಯೋಚಿಸಿರಲಿಲ್ಲ. ಪರಿಹಾರ ಸರಳ, ಸ್ವಲ್ಪ ಖರ್ಚಿನದು. ದಿನಬಳಕೆಯ ಬಟ್ಟೆ, ಹಲ್ಲುಜ್ಜುವ ಬ್ರಷ್, ಚಪ್ಪಲಿ, ಪೆನ್ಸಿಲು, ಚಾರ್ಜರ್ ಎರಡೂ ಮನೆಯಲ್ಲಿ ಬೇರೆಬೇರೆ ಇರಬೇಕು. ಮನೆಯಿಂದ ಮನೆಗೆ ಓಡಾಡುವ ವಸ್ತುಗಳು ಪಾಟಿಚೀಲದೊಳಗೆ ಹಿಡಿಸುವಷ್ಟೇ ಇರಬೇಕು. ಇವಳ ವಿಷಯದಲ್ಲಿ ಕನ್ನಡಕ, ಶಾಲೆಯ ಪುಸ್ತಕಗಳು, ಮಲಗುವಾಗ ಬೇಕಾದ ಒಂದು ಬಟ್ಟೆಯ ಮೊಲ. ಅದು ತುಂಬ ಸಣ್ಣ ಮೊಲ, ಪುಣ್ಯಕ್ಕೆ.

ಆದರೂ ಸಮವಸ್ತ್ರ ಒಂದೇ ಕಡೆ ಜಮಾಯಿಸುತ್ತದೆ. ಅವಳು ತೊಟ್ಟು ಬಂದದ್ದು ಬಂದಲ್ಲೇ ಉಳಿಯುತ್ತದೆ, ಅದು ಸ್ವಾಭಾವಿಕ. ಐದು ಜೊತೆಯಲ್ಲಿ ನಾಲ್ಕು ತಂದೆಯ ಮನೆಯಲ್ಲಿ ಸೇರಿಕೊಂಡವು. ತಾಯಿಗೆ ಅದು ಬೇಕೆಂದೇ ಮಾಡಿದಂತೆ ಕಂಡಿತು. ಹದಿನೈದು ದಿನಕ್ಕೊಮ್ಮೆ ಎಣಿಸಿ, ಹೆಚ್ಚಿನದನ್ನು ಒಗೆದು ಮಡಚಿ ಹಿಂದಿರುಗಿಸುವುದು ಎಂದು ಒಪ್ಪಿಕೊಂಡ ಮೇಲೆ ಆ ಜಗಳ ನಿಂತಿತು. ಅದನ್ನು ಮಗು ಹೊತ್ತು ತರುವುದಿಲ್ಲ, ದೊಡ್ಡವರೇ ಕೊಟ್ಟು ಬರುತ್ತಾರೆ.

ಮಗು ಹೊರಬಾರದ ಇನ್ನೊಂದು ಹೊರೆ ಮಾತು. ‘ಅಪ್ಪನಿಗೆ ಹೇಳು, ಪ್ರವಾಸದ ಹಣ ಶುಕ್ರವಾರದೊಳಗೆ ಕಟ್ಟಬೇಕಂತೆ’ ಎನ್ನುವುದು ಎಷ್ಟು ಸಹಜ! ಆದರೆ ಅಪ್ಪ ಮುಖ ಗಂಟಿಕ್ಕಿದರೆ ಆ ಮುಖ ನೋಡುವುದು ಯಾರು? ಮರೆತರೆ ಬೈಸಿಕೊಳ್ಳುವುದು ಯಾರು? ಹಾಗಾಗಿ ಮಾತು ದೊಡ್ಡವರಿಂದ ದೊಡ್ಡವರಿಗೆ, ಬರಹದಲ್ಲಿ, ಒಂದೇ ದಾರಿಯಲ್ಲಿ ಹೋಗಬೇಕು. ಇಮೇಲ್ ಆದರೆ ಇಮೇಲ್, ಸಂದೇಶವಾದರೆ ಸಂದೇಶ. ಮೂರು ಕಡೆ ಹರಡಿದರೆ ‘ನೀವು ಹೇಳಲೇ ಇಲ್ಲ’ ಎಂಬುದಕ್ಕೆ ಜಾಗವಾಗುತ್ತದೆ. ಫೋನ್ ಕರೆ ತುರ್ತಿಗೆ ಮಾತ್ರ.

ಇವರು ಪ್ರತಿ ಮನೆ ಬದಲಿನ ದಿನ ಬೆಳಿಗ್ಗೆ ಮಗುವನ್ನು ಶಾಲೆಗೆ ಬಿಟ್ಟ ಮೇಲೆ ಒಂದು ಟಿಪ್ಪಣಿ ಕಳಿಸುತ್ತಿದ್ದರು. ಮೊದಲ ತಿಂಗಳು ತಾಯಿ ಬರೆದ ಒಂದು ಟಿಪ್ಪಣಿ ಹೀಗಿತ್ತು: ‘ನಿಮ್ಮ ಮನೆಯಲ್ಲಿ ಮತ್ತೆ ತಡವಾಗಿ ಮಲಗಿಸಿದ್ದರಿಂದ ಅವಳಿಗೆ ಶೀತವಾಗಿದೆ. ಔಷಧ ಕೊಟ್ಟಿದ್ದೇನೆ. ಈ ಸಲವಾದರೂ ಗಮನ ಕೊಡಿ.’ ತಂದೆ ಇದನ್ನು ಓದಿ ಅರ್ಧ ದಿನ ಉತ್ತರ ಹೊಸೆದರು. ಉತ್ತರದಲ್ಲಿ ಔಷಧದ ಮಾತೇ ಇಲ್ಲ. ಅಂದು ಸಂಜೆ ಐದಕ್ಕೆ ಮೈ ಬಿಸಿಯಾಯಿತು, ಅವರು ಪ್ಯಾರಾಸಿಟಮಾಲ್ ಕೊಟ್ಟರು. ಬೆಳಿಗ್ಗೆ ಕೊಟ್ಟದ್ದು ಯಾವ ಔಷಧ, ಎಷ್ಟು, ಎಷ್ಟು ಹೊತ್ತಿಗೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಆ ದಿನ ಅಪಾಯವಾಗಲಿಲ್ಲ. ಪ್ಯಾರಾಸಿಟಮಾಲ್‌ನ ಎರಡು ಗುಟುಕುಗಳ ನಡುವೆ ಕನಿಷ್ಠ ನಾಲ್ಕು ಗಂಟೆ ಇರಬೇಕು, ದಿನದ ಒಟ್ಟು ಪ್ರಮಾಣಕ್ಕೂ ಮಿತಿಯಿದೆ, ಮೀರಿದರೆ ಪೆಟ್ಟು ಬೀಳುವುದು ಯಕೃತ್ತಿಗೆ. ಎರಡು ಮನೆಯಲ್ಲಿ ಎರಡು ಬಾಟಲಿ ಇದ್ದಾಗ ಹೀಗೆ ಎರಡೆರಡು ಸಲ ಬೀಳುವುದು ಬಹಳ ಸುಲಭ.

ಅದೇ ಟಿಪ್ಪಣಿಯನ್ನು ನಾವು ಕುಳಿತು ತಿದ್ದಿದೆವು: ‘ಸೋಮವಾರದಿಂದ ಶೀತ. ಇಂದು ಬೆಳಿಗ್ಗೆ 7ಕ್ಕೆ ಶೀತದ ಔಷಧ 5 ಮಿಲಿ ಕೊಟ್ಟಿದ್ದೇನೆ, ಹೆಸರಿನ ಫೋಟೊ ಜೊತೆಗಿದೆ. ಜ್ವರ ಇರಲಿಲ್ಲ. ರಾತ್ರಿ 10ಕ್ಕೆ ಮಲಗಿದಳು, ಎರಡು ಸಲ ಎದ್ದಳು. ಗಣಿತದ ಕಿರುಪರೀಕ್ಷೆ ಶುಕ್ರವಾರ. ಗೆಳತಿಯೊಂದಿಗೆ ಜಗಳವಾಗಿದೆ, ಅವಳಾಗಿ ಹೇಳಿದರೆ ಕೇಳಿ.’ ಇಷ್ಟೇ. ಆರೋಗ್ಯ, ನಿದ್ದೆ, ಶಾಲೆ, ಮನಸ್ಸು. ‘ಮತ್ತೆ’, ‘ಈ ಸಲವಾದರೂ’ ಎಂಬ ಪದಗಳು ಹೊರಟುಹೋದವು. ಅಮೆರಿಕದ ವಕೀಲ ಬಿಲ್ ಎಡ್ಡಿ ಎಂಬುವರು ಇಂಥ ಬರಹಕ್ಕೆ ನಾಲ್ಕು ಗುಣ ಹೇಳುತ್ತಾರೆ: ಚಿಕ್ಕದಾಗಿರಲಿ, ಮಾಹಿತಿ ಇರಲಿ, ಸೌಜನ್ಯ ಇರಲಿ, ಮಾತು ಅಲ್ಲಿಗೇ ಮುಗಿಯುವಂತಿರಲಿ. ಕೊನೆಯದೇ ಕಷ್ಟ. ನನ್ನ ಒರೆಗಲ್ಲು ಇನ್ನೂ ಒರಟಾದದ್ದು: ಇದನ್ನು ಮಗಳು ಹದಿನೆಂಟು ತುಂಬಿದ ಮೇಲೆ ಓದಿದರೆ ನಿಮಗೆ ನಾಚಿಕೆಯಾಗುತ್ತದೆಯೇ? ಆಗುವುದಾದರೆ ಆ ಸಾಲು ಅಳಿಸಿ.

ಉತ್ತರ ಕೊಡಲು ಇಪ್ಪತ್ತನಾಲ್ಕು ಗಂಟೆ. ಒಪ್ಪಲಾಗದ ವಿಷಯವಾದರೂ ‘ಓದಿದೆ, ಗುರುವಾರ ತಿಳಿಸುತ್ತೇನೆ’ ಎಂದು ಬರೆಯಿರಿ. ಮೌನವನ್ನು ಎದುರಿನವರು ತಮಗೆ ತೋಚಿದಂತೆ ತುಂಬಿಕೊಳ್ಳುತ್ತಾರೆ, ಅದರಲ್ಲಿ ಒಳ್ಳೆಯದು ಇರುವುದು ಅಪರೂಪ.

ಈಗ ವಾರ್ಷಿಕೋತ್ಸವ. ದಿನಾ ಎದುರಾಗದ ಇಬ್ಬರು ಅಲ್ಲಿ ಎದುರಾಗಲೇಬೇಕು. ವೇದಿಕೆಯ ಮೇಲಿರುವ ಮಗು ಏನು ಮಾಡುತ್ತದೆ ಗಮನಿಸಿದ್ದೀರಾ? ಹಾಡು ಶುರುವಾಗುವ ಮುಂಚೆ ಕಣ್ಣು ಸಭೆಯ ಮೇಲೆ ಓಡುತ್ತದೆ. ಒಂದು ಮುಖ ಎಡತುದಿಯಲ್ಲಿ, ಇನ್ನೊಂದು ಬಲತುದಿಯಲ್ಲಿ ಇದ್ದರೆ ಅದು ಎತ್ತ ನೋಡಿ ನಗಬೇಕು? ಮೊದಲು ಯಾರಿಗೆ ಕೈಬೀಸಬೇಕು? ಕೈಬೀಸದೆ ಉಳಿದವರ ಮುಖ ಹೇಗಾಯಿತು? ಆ ಹುಡುಗಿ ಮೊದಲ ವರ್ಷ ಇಡೀ ಹಾಡು ನೆಲ ನೋಡಿಕೊಂಡೇ ಹಾಡಿದಳು. ನಾಚಿಕೆ ಎಂದರು ಶಿಕ್ಷಕರು. ನನಗೆ ಹಾಗನಿಸಲಿಲ್ಲ.

ಪಕ್ಕಪಕ್ಕದಲ್ಲಿ ಕೂರಿ ಎಂದು ನಾನು ಹೇಳುವುದಿಲ್ಲ. ಕೆಲವರಿಗೆ ಅದು ಆಗದ ಮಾತು, ಹಲ್ಲು ಕಚ್ಚಿಕೊಂಡು ಕುಳಿತ ಇಬ್ಬರನ್ನು ಮಗು ವೇದಿಕೆಯಿಂದಲೇ ಗುರುತಿಸುತ್ತದೆ. ಸಭಾಂಗಣದ ಒಂದೇ ಪಕ್ಕದಲ್ಲಿ, ಮೂರು ನಾಲ್ಕು ಸಾಲು ಬಿಟ್ಟು ಕುಳಿತರೆ ಸಾಕು. ಒಂದೇ ನೋಟಕ್ಕೆ ಇಬ್ಬರೂ ಸಿಗುತ್ತಾರೆ. ಒಂದು ವಾರ ಮೊದಲೇ ಮೂರು ಮಾತು ಬರಹದಲ್ಲಿ ಮುಗಿಸಿಕೊಳ್ಳಿ: ಯಾರೆಲ್ಲ ಬರುತ್ತಾರೆ, ಎಲ್ಲಿ ಕೂರುತ್ತಾರೆ, ಮುಗಿದ ಮೇಲೆ ಮಗು ಯಾರ ಜೊತೆ ಹೋಗುತ್ತದೆ. ಹೊಸ ಸಂಗಾತಿ ಬರುವುದಾದರೆ ಅದೂ ಈ ಪಟ್ಟಿಯಲ್ಲಿರಲಿ. ಸಭಾಂಗಣದಲ್ಲಿ ಮೊದಲ ಬಾರಿ ನೋಡುವುದು ಯಾರಿಗೂ ಹಿತವಲ್ಲ. ಮೂರನೆಯ ಪ್ರಶ್ನೆಗೆ ಉತ್ತರ ದಿನಗಳ ಕ್ರಮದಲ್ಲೇ ಇದೆ. ಗುರುವಾರವಾದರೆ ಅಪ್ಪ. ತಾಯಿ ಮೊದಲು ಬಂದು ಮಗಳನ್ನು ಅಪ್ಪಿ, ಹಾಡಿನ ಬಗ್ಗೆ ಒಂದು ಮಾತು ಹೇಳಿ, ಫೋಟೊ ತೆಗೆದುಕೊಂಡು, ಐದು ನಿಮಿಷದಲ್ಲಿ ಹೊರಡುತ್ತಾರೆ. ‘ಇವತ್ತು ಒಂದು ದಿನ ಅಮ್ಮನ ಜೊತೆ ಬರುತ್ತೀಯಾ?’ ಎಂದು ಅಲ್ಲಿ ಕೇಳಬಾರದು. ಎಂಟು ವರ್ಷದ ಮಗುವನ್ನು ನಾಲ್ಕು ಜನರ ನಡುವೆ ನ್ಯಾಯಾಧೀಶೆಯಾಗಿ ಕೂರಿಸಿದಂತೆ ಅದು.

ಶಿಕ್ಷಕರ ಭೇಟಿಗೆ ಒಟ್ಟಿಗೆ ಹೋಗಲು ಆಗದಿದ್ದರೆ ಬೇರೆ ಬೇರೆ ಸಮಯ ಕೇಳಬಹುದು. ಅದರಲ್ಲೊಂದು ತೊಡಕಿದೆ: ಶಿಕ್ಷಕರು ಒಂದೇ ಮಾತು ಹೇಳಿದರೂ ಇಬ್ಬರು ಎರಡು ಕೇಳಿಸಿಕೊಂಡು ಬರುತ್ತಾರೆ. ಇವರಿಬ್ಬರೂ ಶಿಕ್ಷಕರ ಮುಂದೆಯೇ ಬರೆದುಕೊಂಡ ಟಿಪ್ಪಣಿಯನ್ನು ಅಂದೇ ಪರಸ್ಪರ ಕಳಿಸುವ ರೂಢಿ ಮಾಡಿಕೊಂಡರು.

ಈ ಎಲ್ಲ ಕ್ರಮಗಳೂ ಹೊಂದದ ಮನೆಗಳಿವೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಹೊಡೆತ, ಬೆದರಿಕೆ, ಹಿಂಬಾಲಿಸುವಿಕೆ ಇದ್ದಲ್ಲಿ ಸಂದೇಶದ ಭಾಷೆ ತಿದ್ದುವುದರಿಂದ ಏನೂ ಆಗದು. ಶಾಲೆಯ ಗೇಟು ಕೂಡ ಅಲ್ಲಿ ಸುರಕ್ಷಿತ ಜಾಗವಲ್ಲ, ಎದುರಿನವರು ಎಲ್ಲಿ, ಎಷ್ಟು ಹೊತ್ತಿಗೆ ಸಿಗುತ್ತಾರೆಂದು ಅದು ತೋರಿಸಿಕೊಡುತ್ತದೆ. ಅಂಥಲ್ಲಿ ನ್ಯಾಯಾಲಯದ ಆದೇಶ, ಮೂರನೆಯವರ ಸಮ್ಮುಖದಲ್ಲಿ ಭೇಟಿ, ವಕೀಲರು, ಪೊಲೀಸರು ಬೇಕು. ‘ಮಗುವಿಗಾಗಿ ಹೊಂದಿಕೊಳ್ಳಿ’ ಎಂಬ ಮಾತನ್ನು ಆ ತಾಯಿಗೋ ತಂದೆಗೋ ಯಾರೂ ಹೇಳಬಾರದು. ಇನ್ನು ಅಪಾಯವೇನೂ ಇಲ್ಲ, ಆದರೆ ಒಬ್ಬರನ್ನೊಬ್ಬರು ಸಹಿಸಲಾಗದು ಎಂಬ ಮನೆಗಳು. ಎಲಿನರ್ ಮೆಕೋಬಿ ಮತ್ತು ರಾಬರ್ಟ್ ಮ್ನೂಕಿನ್ ಕ್ಯಾಲಿಫೋರ್ನಿಯದ ಸುಮಾರು ಸಾವಿರದ ನೂರು ಕುಟುಂಬಗಳನ್ನು ವಿಚ್ಛೇದನದ ನಂತರ ಗಮನಿಸಿ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಹಕರಿಸುವವರು ಮತ್ತು ಕಾದಾಡುವವರ ಜೊತೆಗೆ ಮೂರನೆಯ ಗುಂಪೊಂದನ್ನು ಗುರುತಿಸಿದರು: ಮಾತನ್ನೇ ಕಡಿಮೆ ಮಾಡಿಕೊಂಡು ತಮ್ಮ ತಮ್ಮ ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರು. ಇವರ ಸಂಖ್ಯೆ ಸಣ್ಣದಲ್ಲ. ನೀವು ಆ ಗುಂಪಿನವರಾದರೆ ಸ್ನೇಹಿತರಾಗಲು ಹೆಣಗಬೇಡಿ. ಎರಡು ಮನೆಯಲ್ಲಿ ಮಲಗುವ ಹೊತ್ತು ಬೇರೆಯಾದರೆ ಆಗಲಿ. ಔಷಧ, ಶಾಲೆ, ದಿನಗಳ ಕ್ರಮ, ಈ ಮೂರರಲ್ಲಿ ಮಾತ್ರ ಮಾತು ತಪ್ಪಬೇಡಿ.

ಆ ಹುಡುಗಿಯ ಹೊಟ್ಟೆನೋವು ಏನಾಯಿತು ಎಂದು ಯಾರೋ ಚೀಟಿ ಕಳಿಸಿದ್ದೀರಿ. ಎರಡು ತಿಂಗಳಲ್ಲಿ ಕಡಿಮೆಯಾಯಿತು. ಬೇಸಿಗೆ ರಜೆಯಲ್ಲಿ ಶಾಲೆಯಿಲ್ಲದೆ ಮನೆ ಬದಲು ಮತ್ತೆ ಬಾಗಿಲಿಗೆ ಬಂದಾಗ ಒಂದೆರಡು ಸಲ ಮರಳಿತು. ಆಗ ತಂದೆ, ತಾಯಿ ಇಬ್ಬರೂ ಒಂದೇ ದಿನ ನನಗೆ ಸಂದೇಶ ಕಳಿಸಿದರು. ಇಬ್ಬರೂ ಕೇಳಿದ್ದು ಒಂದೇ ಪ್ರಶ್ನೆ, ಶಾಲೆ ಯಾವಾಗ ತೆರೆಯುತ್ತದೆ ಎಂದು.